ಪ್ಲೇಸ್‌ಮೆಂಟ್ ಸೆಲ್‌ಗೆ ಒಂದೇ ಕೋರಿಕೆ: ಓದು ಮುಗಿದ ಮೇಲೆ ಪರಿಚಯ ಕೇಳುವ ಬಗೆ

“ಸರ್, ನಾನು 2024ರ ಮೆಕ್ಯಾನಿಕಲ್ ಬ್ಯಾಚ್. ಇನ್ನೂ ಕೆಲಸ ಆಗಿಲ್ಲ. ಏನಾದರೂ ಓಪನಿಂಗ್ ಇದ್ದರೆ ದಯವಿಟ್ಟು ತಿಳಿಸಿ.”

ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ವಿಭಾಗದ ಸಂಯೋಜಕನಾಗಿ ನಾನು ಐದು ವರ್ಷ ಕೆಲಸ ಮಾಡಿದ್ದೇನೆ. ಇಂಥ ಸಂದೇಶ ವಾರಕ್ಕೆ ನಾಲ್ಕೈದು ಬರುತ್ತಿದ್ದವು. ನನ್ನ ಉತ್ತರವೂ ಸಿದ್ಧವಾಗಿಯೇ ಇರುತ್ತಿತ್ತು: “ರೆಸ್ಯೂಮೆ ಕಳುಹಿಸಿ, ನೋಡೋಣ.” ರೆಸ್ಯೂಮೆ ಬರುತ್ತಿತ್ತು, ಒಂದು ಫೋಲ್ಡರಿಗೆ ಹೋಗಿ ಬೀಳುತ್ತಿತ್ತು. ಆ ಫೋಲ್ಡರನ್ನು ನಾನು ಮತ್ತೆ ತೆರೆದದ್ದು ಬೆರಳೆಣಿಕೆಯಷ್ಟು ಸಲ. ಸಹಾಯ ಮಾಡುವ ಮನಸ್ಸಿರಲಿಲ್ಲ ಎಂದಲ್ಲ. ಯಾರಿಗೆ ಫೋನ್ ಮಾಡಬೇಕು, ಮಾಡಿ ಏನು ಹೇಳಬೇಕು ಎಂಬುದು ಆ ಸಂದೇಶದಲ್ಲಿ ಇರುತ್ತಿರಲಿಲ್ಲ. ಅದನ್ನು ಕೂತು ಯೋಚಿಸಲು ನನಗೆ ಪುರುಸೊತ್ತೂ ಇರುತ್ತಿರಲಿಲ್ಲ.

ಕೆಲವರು ಇದಕ್ಕೆ ತದ್ವಿರುದ್ಧ. ಉದ್ದನೆಯ ಪತ್ರ ಬರೆದು, ರೆಸ್ಯೂಮೆ ತಿದ್ದಿಕೊಡಿ, ಆಫ್ ಕ್ಯಾಂಪಸ್ ವಾಟ್ಸ್ಯಾಪ್ ಗುಂಪಿಗೆ ಸೇರಿಸಿ, ಇಂತಿಂಥ ಮೂರು ಕಂಪನಿಗಳಿಗೆ ಶಿಫಾರಸು ಮಾಡಿ ಎಂದು ಕೇಳುತ್ತಿದ್ದರು. ಆಗ ನಾನು ಏನು ಮಾಡುತ್ತಿದ್ದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಇದ್ದುದರಲ್ಲಿ ಸುಲಭವಾದ ಕೆಲಸ, ಅಂದರೆ ಗುಂಪಿಗೆ ಸೇರಿಸುವುದನ್ನು ಆ ಕ್ಷಣವೇ ಮಾಡಿ, “ಸೇರಿಸಿದ್ದೇನೆ” ಎಂದು ಉತ್ತರಿಸುತ್ತಿದ್ದೆ. ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಅವರಿಗೆ ನಿಜವಾಗಿ ಬೇಕಿದ್ದ ಶಿಫಾರಸು ಅಲ್ಲೇ ಉಳಿದುಬಿಡುತ್ತಿತ್ತು. ಮೂರು ಕೇಳಿದರೆ ಒಂದಾದರೂ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ತಪ್ಪುವುದೇ ಹೀಗೆ: ಸಿಗುವ ಆ ಒಂದು, ನಿಮಗೆ ಅಷ್ಟೇನೂ ಬೇಡದ್ದಾಗಿರುತ್ತದೆ.

ಮೊದಲು, ಸೆಲ್‌ನ ಬಳಿ ಏನಿದೆ ಎಂದು ತಿಳಿಯಿರಿ

ಪ್ಲೇಸ್‌ಮೆಂಟ್ ಅಧಿಕಾರಿಯಿಂದ ಪಡೆಯಬಹುದಾದದ್ದು ಎರಡು ಬಗೆ. ಒಂದು ಸುಳಿವು: ಇಂಥ ಕಡೆ ಇಂಥ ಹುದ್ದೆ ಇದೆಯಂತೆ ಎಂಬ ಸುದ್ದಿ. ಅದನ್ನು ಕೊಡಲು ಅವರಿಗೆ ಏನೂ ಖರ್ಚಿಲ್ಲ, ಆದ್ದರಿಂದ ಅದು ಇನ್ನೂರು ಜನರಿಗೆ ಒಟ್ಟಿಗೇ ಹೋಗುತ್ತದೆ. ಇನ್ನೊಂದು ಪರಿಚಯ: ಒಬ್ಬ ನಿರ್ದಿಷ್ಟ ವ್ಯಕ್ತಿಗೆ “ಇವರು ನಮ್ಮ ವಿದ್ಯಾರ್ಥಿ, ಒಮ್ಮೆ ಮಾತನಾಡಿ” ಎಂದು ಹೇಳುವುದು. ಇದರಲ್ಲಿ ಕಾಲೇಜಿನ ಮುಖ ಅಡವಿಟ್ಟಂತೆ. ಪರಿಚಯಿಸಿದ ಹುಡುಗ ಸಂದರ್ಶನಕ್ಕೇ ಹೋಗದಿದ್ದರೆ, ಅಥವಾ ಸೇರುತ್ತೇನೆಂದು ಹೇಳಿ ಕೈಕೊಟ್ಟರೆ, ಆ ಕಂಪನಿ ಮುಂದಿನ ವರ್ಷ ಕ್ಯಾಂಪಸ್ಸಿಗೆ ಬರಲು ಹಿಂದೇಟು ಹಾಕುತ್ತದೆ. ಅಧಿಕಾರಿ ಹಿಂಜರಿಯುವುದು ಇದಕ್ಕೇ. ಎಚ್‌ಆರ್‌ನವರ ಮೊಬೈಲ್ ಸಂಖ್ಯೆ ಕೇಳಿದರೆ ಬಹುತೇಕ ಯಾರೂ ಕೊಡದಿರುವುದಕ್ಕೂ ಇದೇ ಕಾರಣ. ಸಂಖ್ಯೆ ಕೇಳಬೇಡಿ. ನಿಮ್ಮ ಸಂದೇಶವನ್ನು ಅವರೇ ತಲುಪಿಸುವಂತೆ ಕೇಳಿ.

ಹಾಗಾದರೆ ಯಾರಿಗೆ ತಲುಪಿಸಬೇಕು? ಕಾಲೇಜಿನ ಬಳಿ ಕ್ಯಾಂಪಸ್ಸಿಗೆ ಬಂದ ಕಂಪನಿಗಳ ಪಟ್ಟಿ ಇರುತ್ತದೆ. ಆದರೆ ನನ್ನ ಅನುಭವದಲ್ಲಿ ಹೊಸ ಪದವೀಧರರಿಗೆ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಮೂರು ನಾಲ್ಕು ವರ್ಷ ಹಿಂದೆ ಓದಿ ಹೋದ ಹಿರಿಯ ವಿದ್ಯಾರ್ಥಿಗಳು, ಐದನೇ ಸೆಮಿಸ್ಟರಿನಲ್ಲಿ ನಿಮ್ಮನ್ನು ಕೈಗಾರಿಕಾ ಭೇಟಿಗೆ ಬಿಟ್ಟುಕೊಂಡ ಕಾರ್ಖಾನೆ, ಇಂಟರ್ನ್‌ಶಿಪ್ ಪತ್ರಕ್ಕೆ ಸಹಿ ಹಾಕಿದ ಮ್ಯಾನೇಜರ್. ಈ ವಿವರಗಳು ಎಷ್ಟೋ ಸಲ ಕೇಂದ್ರ ಸೆಲ್‌ಗಿಂತ ನಿಮ್ಮ ವಿಭಾಗದ ಸಂಯೋಜಕರಾದ ಅಧ್ಯಾಪಕರ ಬಳಿಯೇ ಚೆನ್ನಾಗಿರುತ್ತವೆ. ದೊಡ್ಡ ಅಧಿಕಾರಿಗೇ ಬರೆಯಬೇಕೆಂಬ ನಿಯಮವೇನಿಲ್ಲ.

ಕಾಲೇಜಿಗೂ ನಿಮ್ಮಿಂದ ಆಗಬೇಕಾದದ್ದೊಂದಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಕಾಲೇಜುಗಳ ಮಾನ್ಯತೆ, ಶ್ರೇಯಾಂಕ ನಿರ್ಧರಿಸುವ ನ್ಯಾಕ್, ಎನ್‌ಬಿಎ, ಎನ್‌ಐಆರ್‌ಎಫ್ ಮೂರಕ್ಕೂ ಓದು ಮುಗಿಸಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಲು ಹೋದರು ಎಂಬ ವಿವರ ಕೊಡಬೇಕು. ಅದಕ್ಕೆ ಆಫರ್ ಲೆಟರ್‌ನ ಪ್ರತಿಗಳೂ ಬೇಕು. ಆ ಪ್ರತಿಗಾಗಿ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಮಾಡಿ ನಾನು ಸುಸ್ತಾಗಿದ್ದೇನೆ. ಆದ್ದರಿಂದ ಕ್ಯಾಂಪಸ್ ಬಿಟ್ಟಾಯಿತಲ್ಲ, ಈಗ ಕೇಳುವುದು ಹೇಗೆ ಎಂಬ ಸಂಕೋಚ ಬೇಡ.

ಎರಡನೆಯದು, ಕೋರಿಕೆಯನ್ನು ಎರಡು ನಿಮಿಷದ ಕೆಲಸವಾಗಿಸಿ

ಒಂದು ಪ್ರಸಂಗವನ್ನೇ ಹಿಡಿದು ಹೇಳುತ್ತೇನೆ. 2024ರಲ್ಲಿ ಮೆಕ್ಯಾನಿಕಲ್ ಮುಗಿಸಿದ ಒಬ್ಬ ವಿದ್ಯಾರ್ಥಿನಿ. ಆ ವರ್ಷ ನಮ್ಮ ಕ್ಯಾಂಪಸ್ಸಿಗೆ ಬಂದವರಲ್ಲಿ ಸಾಫ್ಟ್‌ವೇರ್ ಕಂಪನಿಗಳೇ ಹೆಚ್ಚು. ಅವಳಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಸಿಎನ್‌ಸಿ ಟರ್ನಿಂಗ್‌ನಲ್ಲಿ ಮೇಲ್ಮೈ ನುಣುಪಿನ ಮೇಲೆ ಪ್ರಾಜೆಕ್ಟ್ ಮಾಡಿದ್ದಳು. ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್ ಹಿಡಿದು ಅಳೆಯಲು ಬರುತ್ತಿತ್ತು. ಅವಳ ಮೊದಲ ಸಂದೇಶ ಮೇಲೆ ಹೇಳಿದ ಜಾತಿಯದೇ: ಏನಾದರೂ ಇದ್ದರೆ ತಿಳಿಸಿ. ನಾನೂ ಯಥಾಪ್ರಕಾರ ನೋಡೋಣ ಎಂದೆ. ಎರಡು ತಿಂಗಳು ಕಳೆಯಿತು.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ತನಗೆ ಬೇಕಾದದ್ದನ್ನು ಮೂರು ಸಲ ಸಣ್ಣದು ಮಾಡಿಕೊಂಡಳು. ಮೊದಲು ಹುದ್ದೆ: “ಯಾವುದಾದರೂ ಕೋರ್ ಕೆಲಸ” ಎಂಬುದು ಹೋಗಿ “ಕ್ವಾಲಿಟಿ ವಿಭಾಗದಲ್ಲಿ ಟ್ರೇನಿ” ಎಂದಾಯಿತು. ಆಮೇಲೆ ಊರು: ಬೆಳಗಾವಿ, ಅದರಲ್ಲೂ ಫೌಂಡ್ರಿ ಮತ್ತು ಮಷೀನಿಂಗ್ ಘಟಕಗಳು ಒತ್ತೊತ್ತಾಗಿರುವ ಉದ್ಯಮಬಾಗ್, ಅಲ್ಲಿ ಅವಳ ಚಿಕ್ಕಮ್ಮನ ಮನೆ ಇತ್ತು, ವಸತಿಯ ಚಿಂತೆ ಇರಲಿಲ್ಲ. ಕೊನೆಗೆ ವ್ಯಕ್ತಿ: ಹೈಡ್ರಾಲಿಕ್ ಕವಾಟದ ಬಿಡಿಭಾಗ ತಯಾರಿಸುವ ಅಲ್ಲಿನ ಒಂದು ಕಂಪನಿಗೆ ಅವರ ಬ್ಯಾಚ್ ಕೈಗಾರಿಕಾ ಭೇಟಿಗೆ ಹೋಗಿತ್ತು, ಅಂದು ಇನ್‌ಸ್ಪೆಕ್ಷನ್ ಕೋಣೆ ತೋರಿಸಿದವರು ನಮ್ಮದೇ ಕಾಲೇಜಿನ 2019ರ ಬ್ಯಾಚಿನವರು. ಹೆಸರು ಅವಳಿಗೆ ನೆನಪಿರಲಿಲ್ಲ, ಮುಖ ನೆನಪಿತ್ತು. ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರೂ ಕಂಪನಿಯ ಹೆಸರೂ ಒಟ್ಟಿಗೆ ಹಾಕಿ ಹುಡುಕಿದಾಗ ಸಿಕ್ಕಿದರು.

ನಂತರ ನನಗೆ ಬಂದ ಸಂದೇಶ ಹೀಗಿತ್ತು. ಹೆಸರುಗಳನ್ನು ತೆಗೆದಿದ್ದೇನೆ, ಉಳಿದಂತೆ ಹೆಚ್ಚುಕಡಿಮೆ ಅವಳದೇ ಮಾತು:

> ವಿಷಯ: 2019ರ ಬ್ಯಾಚಿನ ಹಿರಿಯರೊಬ್ಬರಿಗೆ ಪರಿಚಯ ಕೋರಿ – 2024 ಮೆಕ್ಯಾನಿಕಲ್
>
> ಸರ್, ನಮಸ್ಕಾರ. ನಾನು 2024ರಲ್ಲಿ ಮೆಕ್ಯಾನಿಕಲ್ ಮುಗಿಸಿದ (ಹೆಸರು, ಯುಎಸ್‌ಎನ್). ಯಾವ ವಿಷಯವೂ ಬಾಕಿ ಇಲ್ಲ. ಬೆಳಗಾವಿಯಲ್ಲಿ ಕ್ವಾಲಿಟಿ ಟ್ರೇನಿ ಕೆಲಸ ಹುಡುಕುತ್ತಿದ್ದೇನೆ.
>
> ನಿಮ್ಮಿಂದ ಒಂದೇ ಸಹಾಯ ಬೇಕು. ಐದನೇ ಸೆಮಿಸ್ಟರಿನ ಕೈಗಾರಿಕಾ ಭೇಟಿಯಲ್ಲಿ ನಮಗೆ ಇನ್‌ಸ್ಪೆಕ್ಷನ್ ವಿಭಾಗ ತೋರಿಸಿದ (ಹೆಸರು, ಕಂಪನಿ) ಅವರಿಗೆ ಕೆಳಗಿನ ಸಾಲುಗಳನ್ನು ಕಳುಹಿಸಿ, ನನ್ನೊಂದಿಗೆ ಹದಿನೈದು ನಿಮಿಷ ಮಾತನಾಡಬಹುದೇ ಎಂದು ಕೇಳುವಿರಾ? ಅವರು ಒಪ್ಪಿದರೆ ಮಾತ್ರ ನನ್ನ ಸಂಖ್ಯೆ ಕೊಡಿ. ಇದು ಅನುಕೂಲವಲ್ಲ ಎನಿಸಿದರೆ ದಯವಿಟ್ಟು ಹಾಗೆಯೇ ತಿಳಿಸಿ ಸರ್, ನಾನು ಬೇರೆ ದಾರಿ ನೋಡುತ್ತೇನೆ.

ಇದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ನಾನು ಹಾಗೆಯೇ ಮುಂದೆ ಕಳುಹಿಸಬಹುದಾದ ನಾಲ್ಕು ಸಾಲು:

> ಇವರು ನಮ್ಮ ಕಾಲೇಜಿನ 2024ರ ಮೆಕ್ಯಾನಿಕಲ್ ಪದವೀಧರೆ. ಸಿಎನ್‌ಸಿ ಟರ್ನಿಂಗ್‌ನಲ್ಲಿ ಮೇಲ್ಮೈ ನುಣುಪಿನ ಬಗ್ಗೆ ಪ್ರಾಜೆಕ್ಟ್ ಮಾಡಿದ್ದಾರೆ. ಮೈಕ್ರೋಮೀಟರ್, ಬೋರ್ ಗೇಜ್ ಬಳಕೆ ಮತ್ತು ಡ್ರಾಯಿಂಗ್ ಓದುವುದು ಗೊತ್ತಿದೆ. ಬೆಳಗಾವಿಯಲ್ಲಿ ವಸತಿ ಇದೆ, ವಾರದೊಳಗೆ ಸೇರಬಲ್ಲರು, ಪಾಳಿಯ ಕೆಲಸಕ್ಕೂ ಸಿದ್ಧರಿದ್ದಾರೆ. ಕ್ವಾಲಿಟಿ ಟ್ರೇನಿಗಳನ್ನು ಅಲ್ಲಿನ ಘಟಕಗಳು ಹೇಗೆ ತೆಗೆದುಕೊಳ್ಳುತ್ತವೆ ಎಂದು ಕೇಳಲು ಹದಿನೈದು ನಿಮಿಷ ಬೇಕಂತೆ.

ನಾನು ಆ ನಾಲ್ಕು ಸಾಲನ್ನು ನಕಲಿಸಿ, ಮೇಲೆ “ಹೇಗಿದ್ದೀಯಪ್ಪ? ಇದನ್ನು ನೋಡು, ಸಾಧ್ಯವಾದರೆ ಮಾತನಾಡು” ಎಂದು ಸೇರಿಸಿ ಕಳುಹಿಸಿದೆ. ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು. ಎರಡು ತಿಂಗಳು ಮಾಡದೇ ಇದ್ದ ಕೆಲಸ ಅದು.

ಆ ಸಂದೇಶವನ್ನು ಸ್ವಲ್ಪ ಬಿಡಿಸಿ ನೋಡಿ. ಯುಎಸ್‌ಎನ್ ಕೊಟ್ಟಿದ್ದರಿಂದ ನಾನು ದಾಖಲೆಯಲ್ಲಿ ಅವಳನ್ನು ಹುಡುಕುವ ತಾಪತ್ರಯ ತಪ್ಪಿತು. ಒಂದೇ ಹೆಸರಿನ ಮೂವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಬಾಕಿ ವಿಷಯ ಇಲ್ಲ ಎಂಬ ಸಾಲು ಸೆಲ್‌ನವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ. (ಬಾಕಿ ಇದ್ದರೆ ಎಷ್ಟು, ಫಲಿತಾಂಶ ಯಾವಾಗ ಎಂದು ಬರೆಯಿರಿ. ಮುಚ್ಚಿಟ್ಟು ಆಮೇಲೆ ಕಂಪನಿಯಲ್ಲಿ ಗೊತ್ತಾದರೆ ಕೆಡುವುದು ಅಧಿಕಾರಿಯ ಮಾತು.) ವಾರದೊಳಗೆ ಸೇರಬಲ್ಲೆ, ವಸತಿ ಇದೆ, ಪಾಳಿಗೆ ಸಿದ್ಧ ಎಂಬ ಮೂರು ಮಾತುಗಳು ನನ್ನ ಒಳಗಿನ ಆ ಭಯಕ್ಕೆ, ಇವಳು ಕೈಕೊಡುತ್ತಾಳೇನೋ ಎಂಬುದಕ್ಕೆ, ಮದ್ದು. ಅವು ನಿಜವಾಗಿದ್ದರೆ ಮಾತ್ರ ಬರೆಯಿರಿ. ಬೇಡ ಎನ್ನಲು ದಾರಿ ಬಿಟ್ಟಿದ್ದಂತೂ ಬಹಳ ಜಾಣತನ. ಬೇಡ ಎನ್ನಲು ಸಂಕೋಚವಾದಾಗ ನಮ್ಮವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತನಾಡುತ್ತಾರೆ, ಕೇಳಿದವರು ತಿಂಗಳುಗಟ್ಟಲೆ ಕಾಯುತ್ತಾರೆ.

ಅವಳು ಕೆಲಸ ಕೊಡಿಸಿ ಎಂದು ಎಲ್ಲೂ ಕೇಳಿಲ್ಲ ಎಂಬುದನ್ನೂ ಗಮನಿಸಿ. ಕೆಲಸ ಕೊಡಿಸುವುದು ನನ್ನ ಕೈಯಲ್ಲೂ ಇಲ್ಲ, ಐದು ವರ್ಷದ ಅನುಭವದ ಆ ಹಿರಿಯನ ಕೈಯಲ್ಲೂ ಇಲ್ಲ. ಹದಿನೈದು ನಿಮಿಷ ಮಾತ್ರ ಇಬ್ಬರ ಕೈಯಲ್ಲೂ ಇತ್ತು.

ಬರೆಯುವಾಗ ನೆನಪಿಡಬೇಕಾದ ಸಣ್ಣಪುಟ್ಟ ಸಂಗತಿಗಳು: ಸೆಲ್‌ಗೆ ಬರೆಯುವ ಭಾಗ ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ನಿಮ್ಮ ಅಧ್ಯಾಪಕರೊಂದಿಗೆ ನೀವು ರೂಢಿ ಮಾಡಿಕೊಂಡಂತೆ ಇರಲಿ, ಗೆರೆಯ ಕೆಳಗಿನ ಭಾಗ ಕಂಪನಿಗೆ ಹೋಗುವಂಥದ್ದು, ಅದು ಇಂಗ್ಲಿಷಿನಲ್ಲಿದ್ದರೆ ಅಧಿಕಾರಿಗೆ ಅನುವಾದದ ಕೆಲಸ ತಪ್ಪುತ್ತದೆ. ಕಾಲೇಜು ಕೊಟ್ಟ ಇಮೇಲ್ ವಿಳಾಸ ಓದು ಮುಗಿದ ಕೆಲವು ತಿಂಗಳಲ್ಲಿ ನಿಂತುಹೋಗಬಹುದು, ಆದ್ದರಿಂದ ಸ್ವಂತ ವಿಳಾಸ ಬಳಸಿ. ರೆಸ್ಯೂಮೆ ಒಂದು ಪುಟದ ಪಿಡಿಎಫ್ ಆಗಿರಲಿ, ಕಡತದ ಹೆಸರು ನಿಮ್ಮ ಹೆಸರೇ ಆಗಿರಲಿ. “ಫೈನಲ್ ಫೈನಲ್ 3” ಎಂಬ ಹೆಸರಿನ ರೆಸ್ಯೂಮೆಗಳೇ ನನ್ನ ಫೋಲ್ಡರಿನಲ್ಲಿ ಹನ್ನೊಂದು ಇದ್ದವು.

ಮೂರನೆಯದು, ಹೊತ್ತು ನೋಡಿ ಹೋಗಿ

ಆಗಸ್ಟಿನಿಂದ ಡಿಸೆಂಬರ್‌ವರೆಗೆ ಅಂತಿಮ ವರ್ಷದವರ ಡ್ರೈವ್‌ಗಳ ಭರಾಟೆ. ಆಗಲೂ ಬರೆಯಬಹುದು, ಆದರೆ ಡ್ರೈವ್ ನಡೆಯುವ ದಿನ ಸೆಲ್‌ನ ಬಾಗಿಲಲ್ಲಿ ನಿಂತರೆ ನೀವು ಇನ್ನೊಂದು ತೊಂದರೆ ಅಷ್ಟೆ. ಮುಂಚಿತವಾಗಿ ಸಂದೇಶ ಕಳುಹಿಸಿ, ಮಧ್ಯಾಹ್ನ ಮೂರೂವರೆಯ ನಂತರ ಹೋಗಿ. ಬೆಳಗಿನ ಗಡಿಬಿಡಿ ಆ ಹೊತ್ತಿಗೆ ಇಳಿದಿರುತ್ತದೆ. ಊರಲ್ಲೇ ಇದ್ದರೆ ಖುದ್ದಾಗಿ ಹೋಗುವುದು ಖಂಡಿತ ಮೇಲು. ಆದರೆ ಬರಿಗೈಯಲ್ಲಿ ಹೋಗಿ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ನೀವು ಹೊಸ್ತಿಲು ದಾಟುವಷ್ಟರಲ್ಲಿ ಇನ್ನೊಬ್ಬರು ಒಳಗೆ ಬಂದಿರುತ್ತಾರೆ. ಇಮೇಲ್ ಮೊದಲೇ ಅಲ್ಲಿರಬೇಕು. ನೀವು ಹೋಗುವುದು ಅದನ್ನು ಮೇಲಕ್ಕೆ ತರಲು.

ಎದುರು ಕೂತಾಗಲೂ ಕೋರಿಕೆ ಒಂದೇ ಇರಲಿ. ಅಧಿಕಾರಿ ಒಳ್ಳೆಯ ಮನಸ್ಸಿನಿಂದ “ಮತ್ತೇನಮ್ಮ, ಬೆಂಗಳೂರಿಗೆ ಹೋಗುತ್ತೀಯಾ?” ಎಂದು ಕೇಳುತ್ತಾರೆ. ಹೂಂ ಸರ್, ಎಲ್ಲಿಗಾದರೂ ಸರಿ ಎಂದಿರೋ, ಅಷ್ಟು ಕಷ್ಟಪಟ್ಟು ಸಣ್ಣದು ಮಾಡಿದ್ದೆಲ್ಲ ಮತ್ತೆ ಹರಡಿಹೋಯಿತು. “ಮೊದಲು ಇದನ್ನು ನೋಡುತ್ತೇನೆ ಸರ್, ಆಗದಿದ್ದರೆ ಮತ್ತೆ ಬರುತ್ತೇನೆ” ಎನ್ನಿ.

ನಾಲ್ಕನೆಯದು, ಪರಿಚಯವಾದ ದಿನವೇ ನಿಮ್ಮ ಕೆಲಸ ಶುರು

ಹೆಚ್ಚಿನವರು ಎಡವುವುದು ಇಲ್ಲಿ. ಹಿರಿಯರು ಒಪ್ಪಿದ್ದಾರೆ ಎಂದು ಅಧಿಕಾರಿ ತಿಳಿಸಿದ ಮೇಲೆ ಮೂರು ದಿನ ಸುಮ್ಮನಿರುವವರನ್ನು ನೋಡಿದ್ದೇನೆ. ಕೇಳಿದರೆ, “ರೆಸ್ಯೂಮೆ ಸರಿಮಾಡುತ್ತಿದ್ದೆ ಸರ್.” ಪರಿಚಯ ಹಾಲಿದ್ದಂತೆ, ಇಟ್ಟಷ್ಟೂ ಕೆಡುತ್ತದೆ. ಅದೇ ದಿನ ಹಿರಿಯರಿಗೆ ಬರೆದು, ಎರಡು ಸಮಯ ಸೂಚಿಸಿ. ಆ ಮೊದಲ ಉತ್ತರದಲ್ಲಿ ಅಧಿಕಾರಿಯ ಹೆಸರನ್ನೂ ಪ್ರತಿಗೆ ಸೇರಿಸಿ, ವಿಷಯ ಮುಂದುವರಿಯಿತೆಂದು ಅವರಿಗೆ ಕಾಣಲಿ. ಅಲ್ಲಿಂದ ಮುಂದೆ ಅವರನ್ನು ಬಿಟ್ಟುಬಿಡಿ.

ನಮ್ಮ ವಿದ್ಯಾರ್ಥಿನಿಗೆ ಆ ಹದಿನೈದು ನಿಮಿಷದಲ್ಲಿ ಸಿಕ್ಕಿದ್ದು ನಿರಾಶೆಯ ಸುದ್ದಿಯೇ: ಅವರ ಕ್ವಾಲಿಟಿ ವಿಭಾಗದಲ್ಲಿ ಜಾಗ ಇರಲಿಲ್ಲ. ಆದರೆ ಹುದ್ದೆಯ ಬಗ್ಗೆ ಮಾತ್ರ ಕೇಳಿ ಅವಳು ಫೋನ್ ಇಡಲಿಲ್ಲ. ಟ್ರೇನಿ ಮೊದಲ ತಿಂಗಳು ಏನು ಮಾಡುತ್ತಾನೆ, ಸಂದರ್ಶನದಲ್ಲಿ ಕೈಗೆ ಏನು ಕೊಟ್ಟು ಅಳೆಯಲು ಹೇಳುತ್ತಾರೆ ಎಂದು ಕೇಳಿದಳು. ಮಾತಿಗೆ ಮಾತು ಬೆಳೆದು ಆತ, ತಮಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕವೊಂದು ಹೊಸದಾಗಿ ಸಿಎಂಎಂ ತರಿಸಿದೆ, ಅಂದರೆ ಬಿಡಿಭಾಗದ ಮೈಯನ್ನು ಮೂರು ಅಕ್ಷಗಳಲ್ಲಿ ಮುಟ್ಟಿ ಅಳೆಯುವ ಯಂತ್ರ, ಅದರಲ್ಲಿ ಕೂರಿಸಿ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದಾರೆ ಎಂದು ತಿಳಿಸಿದ. ಆ ಘಟಕ ಎಂದೂ ನಮ್ಮ ಕ್ಯಾಂಪಸ್ಸಿಗೆ ಬಂದಿರಲಿಲ್ಲ, ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಟ್ಟಿರಲಿಲ್ಲ. ಮೂವತ್ತು ನಲವತ್ತು ಜನರ ಘಟಕಗಳಲ್ಲಿ ಹುದ್ದೆಗಳು ತುಂಬುವುದು ಹೆಚ್ಚಾಗಿ ಹೀಗೆಯೇ.

ಅವಳು ಅಲ್ಲಿಗೆ ಹೋದಳು. ಯಜಮಾನರು ಒಂದು ಡ್ರಾಯಿಂಗ್, ಒಂದು ಬುಷ್, ಒಂದು ಮೈಕ್ರೋಮೀಟರ್ ಮುಂದಿಟ್ಟು ಅಳೆಯಲು ಹೇಳಿದರಂತೆ. ಹೊರವ್ಯಾಸವನ್ನು ಅವಳು ಒಂದೇ ಕಡೆ ಅಳೆಯದೆ ಬುಷ್ ತಿರುಗಿಸಿ ಮೂರು ಕಡೆ ಅಳೆದು ಮೂರನ್ನೂ ಬರೆದುಕೊಟ್ಟಳು. ಅದರಲ್ಲಿ ಬುಷ್ ಸರಿಯಾಗಿ ದುಂಡಗಿಲ್ಲ ಎಂಬುದು ಹೊರಬಿತ್ತು. ಹೀಗೆ ಅಳೆಸಬಹುದು ಎಂಬ ಸೂಚನೆ ಹಿರಿಯನೊಂದಿಗಿನ ಮಾತಿನಲ್ಲೇ ಸಿಕ್ಕಿತ್ತು.

ಉತ್ತರ ಬಾರದಿದ್ದರೆ

ಒಂದು ವಾರ ಬಿಡಿ. ಆಮೇಲೆ ಹಳೆಯ ಇಮೇಲಿಗೇ ಉತ್ತರವಾಗಿ ಎರಡು ಸಾಲು: “ಸರ್, ಕೆಳಗಿನ ವಿಷಯ ನೆನಪಿಸುತ್ತಿದ್ದೇನೆ. ಅವರಿಗೆ ಕಳುಹಿಸುವುದು ಸಾಧ್ಯವೇ?” ಹೊಸ ಪತ್ರ ಬೇಡ, ಹೊಸ ಕೋರಿಕೆಯಂತೂ ಬೇಡವೇ ಬೇಡ. ಇನ್ನೊಂದು ವಾರಕ್ಕೂ ಸದ್ದಿಲ್ಲದಿದ್ದರೆ ಆ ಬಾಗಿಲು ಈಗ ಮುಚ್ಚಿದೆ ಎಂದುಕೊಂಡು ವಿಭಾಗದ ಅಧ್ಯಾಪಕರತ್ತ ತಿರುಗಿ. ದಿನಕ್ಕೊಂದು “ಗುಡ್ ಮಾರ್ನಿಂಗ್ ಸರ್” ಕಳುಹಿಸುವುದು ನೆನಪಿಸುವ ಕ್ರಮವಲ್ಲ. ಅಂಥವರ ಹೆಸರನ್ನು ನಾನು ಮ್ಯೂಟ್ ಮಾಡಿಟ್ಟಿದ್ದೆ.

ಅಧಿಕಾರಿ “ಅವರ ಪರಿಚಯ ನನಗಿಲ್ಲ” ಎಂದರೆ ಅದು ಒಳ್ಳೆಯ ಉತ್ತರವೇ. ಆಗ ಕೋರಿಕೆಯ ಒಂದು ತುದಿಯನ್ನಷ್ಟೇ ಬದಲಿಸಿ: ಅದೇ ಹುದ್ದೆ, ಅದೇ ಊರು, ನಿಮಗೆ ಗೊತ್ತಿರುವ ಬೇರೆ ಒಬ್ಬರು ಯಾರು? ಪರಿಚಯಕ್ಕೆ ದಾರಿಯೇ ಇಲ್ಲದಿದ್ದಾಗ ನಾನು ಸಲಹೆ ಮಾಡುತ್ತಿದ್ದ ಇನ್ನೊಂದು ಕೋರಿಕೆ ಅಪ್ರೆಂಟಿಸ್‌ಶಿಪ್‌ನದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಪದವೀಧರರಿಗೆ ಒಂದು ವರ್ಷದ ತರಬೇತಿಯೂ ತಿಂಗಳ ಸ್ಟೈಪೆಂಡೂ ಇರುತ್ತವೆ. nats.education.gov.in ತಾಣದಲ್ಲಿ ಮೊದಲು ನೀವೇ ನೋಂದಾಯಿಸಿಕೊಂಡು, ಆಮೇಲೆ ಸೆಲ್‌ಗೆ ಬರೆಯಿರಿ: “ನಮ್ಮ ಕಾಲೇಜಿನವರನ್ನು ಈ ಯೋಜನೆಯಲ್ಲಿ ತೆಗೆದುಕೊಂಡ ಒಂದು ಘಟಕದ ಹೆಸರು ತಿಳಿಸುವಿರಾ?” ಒಂದು ವರ್ಷ ಅಥವಾ ಹೆಚ್ಚು ಕೆಲಸದ ಅನುಭವ ಆದವರಿಗೆ ಈ ಯೋಜನೆ ಸಿಗುವುದಿಲ್ಲ, ಹಾಗಾಗಿ ಕೊನೆಯ ಆಯ್ಕೆ ಎಂದು ಬಹಳ ಕಾಲ ಮುಂದೂಡಬೇಡಿ.

ಸೆಲ್ ಮೂಲಕ ಬಂದ ಸುಳಿವು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಕಾಗಿಯೂ ಇಲ್ಲ. ಗುಂಪುಗಳಲ್ಲಿ ಬರುವ ಎಷ್ಟೋ ಸಂದೇಶಗಳನ್ನು ಯಾರೂ ಪರಿಶೀಲಿಸಿರುವುದಿಲ್ಲ. ಕೈಯಿಂದ ಕೈಗೆ ದಾಟಿ ಬಂದಿರುತ್ತವೆ. ನೋಂದಣಿ, ತರಬೇತಿ, ಡೆಪಾಸಿಟ್ ಎಂದು ಹಣ ಕೇಳಿದರೆ, ಅಥವಾ ಮೂಲ ಅಂಕಪಟ್ಟಿ ಒತ್ತೆಯಿಡಲು ಹೇಳಿದರೆ, ಆ ಸಂದೇಶವನ್ನೇ ಅಧಿಕಾರಿಗೆ ತೋರಿಸಿ “ಇದನ್ನು ನೀವು ಬಲ್ಲಿರಾ ಸರ್?” ಎಂದು ಕೇಳಿ. ಹಣ ಮಾತ್ರ ಕೊಡಬೇಡಿ.

ಕೊನೆಯ ಇಮೇಲ್

ಸಿಎಂಎಂ ಘಟಕ ಸೇರಿದ ಮೂರನೆಯ ದಿನ ಅವಳಿಂದ ನನಗೆ ಒಂದು ಇಮೇಲ್ ಬಂತು. ಆಫರ್ ಲೆಟರ್‌ನ ಪ್ರತಿ ಲಗತ್ತಿಸಿದ್ದಳು, ಹಿರಿಯನಿಗೂ ಧನ್ಯವಾದ ತಿಳಿಸಿದ್ದಾಗಿ ಬರೆದಿದ್ದಳು. ಕೆಳಗೆ ಇನ್ನೊಂದು ಸಾಲಿತ್ತು: “ಸರ್, ಇಲ್ಲಿನ ಯಜಮಾನರು ಮುಂದಿನ ವರ್ಷ ಇನ್ನೊಬ್ಬರು ಬೇಕಾಗಬಹುದು ಎಂದಿದ್ದಾರೆ. ಅವರ ಇಮೇಲ್ ವಿಳಾಸ ನಿಮಗೆ ಕೊಡಲು ಒಪ್ಪಿಗೆ ಪಡೆದಿದ್ದೇನೆ.” ಕಂಪನಿಗಳ ಪಟ್ಟಿ ತೆರೆದು ನಾನು ಹೊಸದೊಂದು ಸಾಲು ಸೇರಿಸಿದೆ. ಸಂಪರ್ಕ ಎಂಬ ಅಂಕಣದಲ್ಲಿ ಯಜಮಾನರ ವಿಳಾಸ, ಮೂಲಕ ಎಂಬ ಅಂಕಣದಲ್ಲಿ ಅವಳ ಯುಎಸ್‌ಎನ್.